ಕಾರ್ಡಿನ ಮಾರಾಟ 86,450, ಬ್ಯಾಂಕಿಗೆ ಬಂದದ್ದು 73,024: ನಡುವಿನ ರೊಕ್ಕ ಎಲ್ಲಿ ಹೋಯ್ತು?

ಈ ಸಲದ ಸಂಚಿಕೆ ಸ್ಟುಡಿಯೋದಲ್ಲಿ ಮಾಡಿದ್ದಲ್ಲ. ನನ್ನ ಹತ್ತಿರ ಸ್ಟುಡಿಯೋ ಅಂತ ಇರೋದೂ ಇಲ್ಲ ಬಿಡಿ. ಇದನ್ನು ರೆಕಾರ್ಡ್ ಮಾಡಿದ್ದು ಕರ್ಜಗಿಯಲ್ಲಿ, ನನ್ನ ಸೋದರಮಾವನ ಬೀಜ-ಗೊಬ್ಬರದ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಚೀಲಗಳ ಮಧ್ಯೆ ಕೂತು. ನಡುವೆ ಎಲ್ಲಾದರೂ ಟ್ರ್ಯಾಕ್ಟರ್ ಸದ್ದು ಕೇಳಿಸಿದ್ದರೆ ಅದೇ ಕಾರಣ.

ಕಾರಹುಣ್ಣಿಮೆ ಮುಗಿದ ವಾರ. ಬಿತ್ತನೆ ಜೋರು, ಅಂಗಡಿಯಲ್ಲಿ ನಿಲ್ಲೋಕೂ ಜಾಗ ಇಲ್ಲ. ಶನಿವಾರ ಮಧ್ಯಾಹ್ನ ನಾನು ಊರಿಗೆ ಹೋದಾಗ ಮಾಮಾ ಊಟಕ್ಕೂ ಏಳದೆ ಮೊಬೈಲ್ ನೋಡ್ತಾ ಕೂತಿದ್ದರು. ನನ್ನ ನೋಡಿದವರೇ ಅಂದದ್ದು: ‘ಏನವಾ, ಬಿಕಾಂ ಓದೀದಿ, ಇದನ್ನಷ್ಟು ನೋಡು. ನಿನ್ನೆ ಕಾರ್ಡಿನ ವ್ಯಾಪಾರ 86,450. ಬ್ಯಾಂಕಿಗೆ ಬಂದಿದ್ದು 73,024 ರೂಪಾಯಿ 69 ಪೈಸೆ. ಹದಿಮೂರು ಸಾವಿರ ಹೊಂಟ್ ಹೋಗೇತಿ.’

ಆಮೇಲೆ ದನಿ ಇಳಿಸಿ ಇನ್ನೊಂದು ಮಾತು ಹೇಳಿದರು. ಕೌಂಟರಿನಲ್ಲಿ ಕೂರುವ ಹುಡುಗ ಎರಡು ವರ್ಷದಿಂದ ಅಲ್ಲೇ ಕೆಲಸಕ್ಕಿದ್ದಾನೆ. ‘ಗಿರಾಕಿ ಕಡೆ ನಗದು ಇಸ್ಕೊಂಡು, ಬಿಲ್ಲಿನ್ಯಾಗ ಕಾರ್ಡ್ ಅಂತ ಒತ್ಯಾನೇನೋ ಅಂತ ಡೌಟು. ಸೋಮವಾರದಿಂದ ಬರಬ್ಯಾಡ ಅಂತ ಹೇಳಿಬಿಡ್ತೀನಿ.’

ಮಾಮನ ಅನುಮಾನ ಪೂರ್ತಿ ಹುಚ್ಚು ಅಂತ ಹೇಳೋಕಾಗಲ್ಲ. ಅಂಗಡಿಗಳಲ್ಲಿ ಆ ಥರದ ಕಳ್ಳತನ ನಡೆಯುತ್ತೆ. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ‘ನಗದು’ ಅಂತ ಒತ್ತಿದರೆ ರಾತ್ರಿ ಗಲ್ಲಾಪೆಟ್ಟಿಗೆಯಲ್ಲಿ ಅಷ್ಟು ರೊಕ್ಕ ಇರಲೇಬೇಕು. ‘ಕಾರ್ಡ್’ ಅಂತ ಒತ್ತಿದರೆ ಗಲ್ಲಾಪೆಟ್ಟಿಗೆ ಸರಿಯಾಗೇ ಇರುತ್ತೆ, ನೋಟು ಕಿಸೆಗೆ ಹೋಗಿರುತ್ತೆ. ಅದು ಗೊತ್ತಾಗೋದು ಬ್ಯಾಂಕಿನ ಲೆಕ್ಕ ನೋಡಿದಾಗ ಮಾತ್ರ. ಆದರೆ ಬ್ಯಾಂಕಿನ ಲೆಕ್ಕ ಕಮ್ಮಿ ಬಂದ ಮಾತ್ರಕ್ಕೆ ಅದೇ ಆಗಿದೆ ಅಂತನೂ ಅಲ್ಲ. ಅವತ್ತು ಸಂಜೆವರೆಗೂ ನಾನು ಮಾಡಿದ್ದು ಇದನ್ನು ಬಿಡಿಸುವ ಕೆಲಸ.

ಮೊದಲು ಒಂದು ಗೊಂದಲ ತೀರಿಸ್ತೀನಿ. ಗೊಬ್ಬರದ ಅಂಗಡಿಯಲ್ಲಿ ಪಿಒಎಸ್ ಮಷಿನ್ ಅಂದರೆ ಎರಡು ಇರ್ತವೆ. ಒಂದು ಯೂರಿಯಾ, ಡಿಎಪಿ ಕೊಡುವಾಗ ರೈತರ ಹೆಬ್ಬೆಟ್ಟು ಒತ್ತಿಸುವ ಸರ್ಕಾರಿ ಮಷಿನ್. ಸಬ್ಸಿಡಿ ಗೊಬ್ಬರಕ್ಕೆ 2018ರಿಂದ ದೇಶದ ಎಲ್ಲ ಕಡೆ ಅದು ಬೇಕೇಬೇಕು. ಅದರಲ್ಲಿ ರೊಕ್ಕ ಓಡಾಡಲ್ಲ, ಗೊಬ್ಬರದ ಲೆಕ್ಕ ಮಾತ್ರ. ನಾನು ಈಗ ಹೇಳ್ತಿರೋದು ಇನ್ನೊಂದರ ಬಗ್ಗೆ, ಬ್ಯಾಂಕು ಕೊಟ್ಟಿರುವ ಕಾರ್ಡ್ ಸ್ವೈಪ್ ಮಷಿನ್ ಬಗ್ಗೆ.

ಮಾಮಾ ಮಾಡಿದ ತಪ್ಪು ಏನಂದರೆ, ಎರಡು ಸಂಖ್ಯೆ ಹಿಡಿದು ಒಂದರಿಂದ ಇನ್ನೊಂದನ್ನು ಕಳೆದರು. ಇಲ್ಲಿ ಇರೋದು ಮೂರು ಸಂಖ್ಯೆ. ಒಂದು, ಬಿಲ್ಲಿಂಗ್ ಕಂಪ್ಯೂಟರ್ ಹೇಳುವ ದಿನದ ಕಾರ್ಡ್ ಮಾರಾಟ. ಎರಡು, ಸ್ವೈಪ್ ಮಷಿನ್ ರಾತ್ರಿ ಸೆಟಲ್‌ಮೆಂಟ್ ಮಾಡುವಾಗ ಮುದ್ರಿಸುವ ಚೀಟಿಯ ಮೊತ್ತ. ಮೂರು, ಬ್ಯಾಂಕ್ ಖಾತೆಗೆ ಜಮಾ ಆದದ್ದು. ಬಹಳಷ್ಟು ಅಂಗಡಿಗಳಲ್ಲಿ ಬಿಲ್ಲಿಂಗ್ ಕಂಪ್ಯೂಟರಿಗೂ ಸ್ವೈಪ್ ಮಷಿನ್‌ಗೂ ಮಾತುಕತೆಯೇ ಇಲ್ಲ. ಕಂಪ್ಯೂಟರಿಗೆ ಗೊತ್ತಿರೋದು ಹುಡುಗ ಒತ್ತಿದ ಗುಂಡಿ ಮಾತ್ರ. ರೊಕ್ಕ ನಿಜವಾಗಿ ಬಂತೋ ಇಲ್ಲವೋ ಅನ್ನೋದು ಮಷಿನ್‌ಗೆ ಗೊತ್ತು. ಹಾಗಾಗಿ ನಡುವಿನ ಆ ಚೀಟಿ ಸಿಕ್ಕರೆ ಒಂದು ದೊಡ್ಡ ವ್ಯತ್ಯಾಸ ಎರಡು ಸಣ್ಣ ವ್ಯತ್ಯಾಸ ಆಗುತ್ತೆ. ಕಂಪ್ಯೂಟರಿನಿಂದ ಚೀಟಿವರೆಗಿನದು ಅಂಗಡಿಯ ಒಳಗಿನ ವಿಷಯ. ಚೀಟಿಯಿಂದ ಪಾಸ್‌ಬುಕ್‌ವರೆಗಿನದು ಬ್ಯಾಂಕಿನ ವಿಷಯ.

‘ಸೆಟಲ್‌ಮೆಂಟ್ ಚೀಟಿ ಎಲ್ಲಿದೆ ಮಾಮಾ?’ ಅಂದೆ. ‘ಅದನ್ಯಾಕ ಇಡ್ತಾರ?’ ಅಂದರು. ಕಸದ ಬುಟ್ಟಿಯಲ್ಲಿ ಸಿಕ್ಕಿತು. ಶುಕ್ರವಾರ ರಾತ್ರಿ 8:30, 14 ವ್ಯವಹಾರ, ಒಟ್ಟು 74,150 ರೂಪಾಯಿ.

ಅಲ್ಲಿಗೆ ಅರ್ಧ ವಿಷಯ ಗೊತ್ತಾಯ್ತು. ಚೀಟಿಯಿಂದ ಬ್ಯಾಂಕಿಗೆ ಕಮ್ಮಿಯಾದದ್ದು 1,125 ರೂಪಾಯಿ 31 ಪೈಸೆ ಅಷ್ಟೇ. ಉಳಿದ 12,300 ರೂಪಾಯಿ ಬ್ಯಾಂಕಿನ ಬಾಗಿಲಿಗೇ ಹೋಗಿಲ್ಲ. ಮಾಮಾ ಹುಡುಗನ ಕಡೆ ನೋಡಿದರು. ನಾನು ತಡೀರಿ ಅಂದೆ.

ಕಂಪ್ಯೂಟರಿನಲ್ಲಿ ಶುಕ್ರವಾರ ಕಾರ್ಡ್ ಅಂತ ಇದ್ದದ್ದು 17 ಬಿಲ್ಲು. ಪ್ರತಿ ಸ್ವೈಪ್ ಆದಾಗಲೂ ಅಂಗಡಿಗೆ ಒಂದು ಸ್ಲಿಪ್ ಬರುತ್ತೆ, ಅದನ್ನು ಹುಡುಗ ಕಂಬಿಗೆ ಚುಚ್ಚಿಡ್ತಾನೆ. ಪುಣ್ಯಕ್ಕೆ ಎಲ್ಲ ಇದ್ದವು. ಆ ಕಾಗದ ಬಿಸಿಗೆ ಅಕ್ಷರ ಮೂಡುವಂಥದ್ದು, ಬಿಸಿಲು ಬಿದ್ದರೆ ಕೆಲವೇ ವಾರಗಳಲ್ಲಿ ಮಾಸಿಹೋಗುತ್ತೆ. ಈ ಕೆಲಸವನ್ನು ತಿಂಗಳ ಕೊನೆಗೆ ಮಾಡೋಣ ಅಂದವರಿಗೆ ಕಂಬಿಯಲ್ಲಿ ಬಿಳಿ ಹಾಳೆ ಮಾತ್ರ ಸಿಗೋದು.

ಸ್ಲಿಪ್ಪುಗಳನ್ನು ಸಮಯದ ಪ್ರಕಾರ ಜೋಡಿಸಿದಾಗ ಮೂರು ಸ್ಲಿಪ್ಪು ರಾತ್ರಿ 8:30 ಆದಮೇಲಿನವು, ಒಟ್ಟು 8,600 ರೂಪಾಯಿ. ಬಿತ್ತನೆ ಕಾಲ ಅಲ್ವಾ, ಅಂಗಡಿ ಹತ್ತರವರೆಗೆ ತೆರೆದಿತ್ತು. ಮಷಿನ್ ಮಾತ್ರ ತನ್ನ ಪಾಡಿಗೆ 8:30ಕ್ಕೆ ಲೆಕ್ಕ ಮುಚ್ಚಿಬಿಟ್ಟಿದೆ. ಮಷಿನ್‌ಗೆ ‘ದಿನ’ ಅಂತ ಇಲ್ಲ, ಇರೋದು ‘ಬ್ಯಾಚ್’. ಒಂದು ಸೆಟಲ್‌ಮೆಂಟಿನಿಂದ ಇನ್ನೊಂದು ಸೆಟಲ್‌ಮೆಂಟ್‌ವರೆಗೆ ಆದದ್ದೆಲ್ಲ ಒಂದು ಬ್ಯಾಚು. 8:30 ಆದಮೇಲಿನ 8,600 ಶನಿವಾರದ ಬ್ಯಾಚಿಗೆ ಸೇರಿದೆ, ಬ್ಯಾಂಕಿಗೆ ಅದರ ಜೊತೆಗೇ ಬರುತ್ತೆ.

ಹಾಗಿದ್ದರೆ ಗುರುವಾರ ರಾತ್ರಿ 8:30 ಆದಮೇಲಿನದು? ಅದು ಶುಕ್ರವಾರದ ಬ್ಯಾಚಿನಲ್ಲಿ ಕೂತಿರಬೇಕು. ಗುರುವಾರದ ಕಂಬಿ ನೋಡಿದರೆ ಎರಡು ಸ್ಲಿಪ್ಪು, ಎರಡೂ 1,750 ರೂಪಾಯಿ. ಒಟ್ಟು 3,500. ಅಂದರೆ ಶುಕ್ರವಾರದ ಜಮಾದಲ್ಲಿ ಶುಕ್ರವಾರದ್ದಲ್ಲದ 3,500 ರೂಪಾಯಿ ಇದೆ. ಇದನ್ನು ಯಾಕೆ ಒತ್ತಿ ಹೇಳ್ತೀನಿ ಅಂದರೆ, ಈ ಥರ ಒಳಗೆ ಬಂದ ರೊಕ್ಕ ನಿಜವಾದ ಕೊರತೆಯನ್ನು ಮುಚ್ಚಿಬಿಡುತ್ತೆ. ಒಂದು ದಿನ ಎರಡು ಸಂಖ್ಯೆ ಹತ್ತಿರ ಹತ್ತಿರ ಬಂದರೆ ಎಲ್ಲ ಸರಿ ಇದೆ ಅಂತ ಅಲ್ಲ. ಹೋದದ್ದೂ ಬಂದದ್ದೂ ಸಮ ಆಗಿರಬಹುದು.

ಆ ಎರಡು 1,750 ಇನ್ನೊಂದು ಪಾಠ ಹೇಳ್ತವೆ. ಬೀಜದ ಅಂಗಡಿಯಲ್ಲಿ ಪ್ಯಾಕೆಟ್ ದರ ನಿಗದಿ ಇರುತ್ತೆ, ದಿನಕ್ಕೆ ಹತ್ತು ಬಿಲ್ಲು ಒಂದೇ ಮೊತ್ತದವು ಇರಬಹುದು. ಮೊತ್ತ ನೋಡಿ ಟಿಕ್ ಹಾಕ್ತಾ ಹೋದರೆ ನಿನ್ನೆಯದು ಇವತ್ತಿನದಕ್ಕೆ ಸೇರಿಹೋಗುತ್ತೆ. ಪ್ರತಿ ಸ್ಲಿಪ್ಪಿನಲ್ಲೂ RRN ಅಂತ 12 ಅಂಕಿಯ ಸಂಖ್ಯೆ ಇರುತ್ತೆ. ಬ್ಯಾಂಕು ವ್ಯಾಪಾರಿಗೆ ಇಮೇಲಿನಲ್ಲೋ ಪೋರ್ಟಲಿನಲ್ಲೋ ಕೊಡುವ ಸೆಟಲ್‌ಮೆಂಟ್ ವರದಿಯಲ್ಲೂ ಅದೇ ಸಂಖ್ಯೆ ಇರುತ್ತೆ. ಹೊಂದಿಸಬೇಕಾದದ್ದು ಅದನ್ನು. ಎಕ್ಸೆಲ್‌ನಲ್ಲಿ `Slip` ಅನ್ನೋ ಹಾಳೆಯ ಎ ಕಾಲಂನಲ್ಲಿ ಸ್ಲಿಪ್ಪುಗಳ ಸಂಖ್ಯೆ, `Bank` ಅನ್ನೋ ಹಾಳೆಯ ಎ ಕಾಲಂನಲ್ಲಿ ಬ್ಯಾಂಕ್ ವರದಿಯ ಸಂಖ್ಯೆ ಹಾಕಿ, ಮೊದಲ ಹಾಳೆಯಲ್ಲಿ ಇದನ್ನು ಬರೆದರೆ ಸಾಕು:

```
=COUNTIF(Bank!A:A, A2)
```

1 ಬಂದರೆ ಆ ವ್ಯವಹಾರ ಬ್ಯಾಂಕಿನಲ್ಲಿದೆ. 0 ಬಂದರೆ ಇಲ್ಲ. ಬ್ಯಾಂಕಿನ ಹಾಳೆಯಲ್ಲೂ ಇದನ್ನೇ ತಿರುಗಿಸಿ `Slip!A:A` ಅಂತ ಹಾಕಿ ನೋಡಬೇಕು, ಆಗ ಸ್ಲಿಪ್ಪಿಲ್ಲದೆ ಬಂದದ್ದು ಸಿಗುತ್ತೆ. ಒಂದು ಎಚ್ಚರಿಕೆ. 12 ಅಂಕಿ ಹಾಕಿದ ತಕ್ಷಣ ಎಕ್ಸೆಲ್ ಅದನ್ನು `5.16E+11` ಅಂತ ಏನೋ ತೋರಿಸುತ್ತೆ. ಗಾಬರಿ ಬೇಡ, ಆ ಕಾಲಂನ ಫಾರ್ಮ್ಯಾಟನ್ನು `Number` ಮಾಡಿ ದಶಾಂಶ ತೆಗೆದರೆ ಪೂರ್ತಿ ಸಂಖ್ಯೆ ಕಾಣುತ್ತೆ.

ಸರಿ, ಈಗ ಲೆಕ್ಕ ಎಲ್ಲಿಗೆ ಬಂತು? 86,450ರಲ್ಲಿ 8,600 ಕಳೆದು 3,500 ಕೂಡಿಸಿದರೆ 81,350. ಚೀಟಿಯಲ್ಲಿ 74,150. ಇನ್ನೂ 7,200 ರೂಪಾಯಿ ಸಿಕ್ಕಿಲ್ಲ. 17 ಬಿಲ್ಲಿಗೆ ಕಂಬಿಯಲ್ಲಿ ಇದ್ದದ್ದು 15 ಸ್ಲಿಪ್ಪು. ಸ್ಲಿಪ್ಪೇ ಇಲ್ಲದ ಬಿಲ್ಲು ಎರಡು, ಒಂದು 4,800ರದ್ದು, ಇನ್ನೊಂದು 2,400ರದ್ದು.

ಕೂಡಿಸಿದರೆ ಸರಿಯಾಗಿ 7,200. ಆ ಹೊತ್ತಿಗೆ ನನಗೇ ಎದೆ ಧಸಕ್ ಅಂತು. ಕಾರ್ಡ್ ಅಂತ ಒತ್ತಿದ ಬಿಲ್ಲು, ಸ್ಲಿಪ್ಪಿಲ್ಲ. ಮಾಮಾ ಹೇಳಿದ ಕಳ್ಳತನ ಹೇಗಿರುತ್ತೋ ಇದು ಹಾಗೇ ಕಾಣುತ್ತೆ. ಹುಡುಗ ಆಚೆ ಕಡೆ ಚೀಲ ಇಳಿಸ್ತಾ ಇದ್ದ, ನಾವು ಏನು ನೋಡ್ತಿದ್ದೀವಿ ಅಂತ ಅವನಿಗೆ ಗೊತ್ತಿತ್ತು, ಈ ಕಡೆ ತಿರುಗಿ ನೋಡ್ತಿರಲಿಲ್ಲ.

4,800ರ ಬಿಲ್ಲಿನ ಮೇಲೆ ಸಮಯ ಇತ್ತು: ಮಧ್ಯಾಹ್ನ 4:12. ನಾನು ಖಾತೆಯ ಯುಪಿಐ ಜಮಾಗಳನ್ನು ತೆಗೆದೆ. 4:13ಕ್ಕೆ 4,800 ಬಂದಿದೆ. ಗಿರಾಕಿ ಕಾರ್ಡ್ ತೆಗೆದಿದ್ದಾನೆ, ಹುಡುಗ ಕಾರ್ಡ್ ಗುಂಡಿ ಒತ್ತಿದ್ದಾನೆ, ಆಮೇಲೆ ಗಿರಾಕಿ ಮನಸ್ಸು ಬದಲಿಸಿ ಕೌಂಟರಿನ ಮೇಲಿನ ಕ್ಯೂಆರ್ ಸ್ಟಿಕ್ಕರಿಗೆ ಸ್ಕ್ಯಾನ್ ಮಾಡಿದ್ದಾನೆ. ರೊಕ್ಕ ಅವತ್ತೇ ಬಂದಿದೆ, ಬೇರೆ ದಾರಿಯಿಂದ. ನಿಜ ಹೇಳಬೇಕಂದರೆ ಕಾರ್ಡಿನ ಲೆಕ್ಕ ತಾಳೆಯಾಗದ ಅಂಗಡಿಗಳಲ್ಲಿ ನಾನು ಮೊದಲು ಹುಡುಕೋದು ಇದನ್ನೇ. ಪತ್ತೆ ಮಾಡೋದೂ ಸುಲಭ: ಕಾರ್ಡ್ ಕಡೆ ಎಷ್ಟು ಕಮ್ಮಿಯೋ ಯುಪಿಐ ಕಡೆ ಬಿಲ್ಲಿಗಿಂತ ಅಷ್ಟೇ ಜಾಸ್ತಿ ಇರುತ್ತೆ.

2,400 ಮಾತ್ರ ಎಲ್ಲೂ ಇಲ್ಲ. ಯುಪಿಐನಲ್ಲಿಲ್ಲ, ಗಲ್ಲಾಪೆಟ್ಟಿಗೆಯಲ್ಲಿ ಹೆಚ್ಚಿಲ್ಲ, ಶನಿವಾರದ ಬ್ಯಾಚಿನಲ್ಲೂ ಇಲ್ಲ. ಹುಡುಗನನ್ನು ಕರೆದು ಬಿಲ್ಲು ತೋರಿಸಿದೆ. ಅವನಿಗೆ ನೆನಪಿತ್ತು. ‘ಅಕ್ಕಾರ, ಆವತ್ತು ಐದೂವರಿ ಆಗಿತ್ರಿ. ಕಾರ್ಡ್ ಹಾಕಿ ಪಿನ್ ಒತ್ತಿದ್ರು, ಅಷ್ಟ್ರಾಗ ನೆಟ್ ಹೋತು. ಸ್ಲಿಪ್ ಬರಲಿಲ್ಲ. ಆದ್ರ ಅವರ ಮೊಬೈಲಿಗೆ ರೊಕ್ಕ ಕಟ್ ಆಗೇತಿ ಅಂತ ಮೆಸೇಜ್ ಬಂತ್ರಿ, ತೋರಿಸಿದ್ರು. ಅದಕ್ಕ ಬೀಜ ಕೊಟ್ಟೆ.’

ಈಗ ಗಮನ ಕೊಟ್ಟು ಕೇಳಿ, ಈ ಸಂಚಿಕೆ ಮಾಡಿದ್ದೇ ಇದಕ್ಕೆ. ಗಿರಾಕಿಯ ಖಾತೆಯಿಂದ ರೊಕ್ಕ ಕಟ್ ಆದದ್ದು ನಿಜ. ಗಿರಾಕಿ ಸುಳ್ಳು ಹೇಳಿಲ್ಲ, ಹುಡುಗನೂ ಹೇಳಿಲ್ಲ. ಆದರೆ ಒಪ್ಪಿಗೆ ಬಂತು ಅನ್ನೋ ಉತ್ತರ ಮಷಿನ್‌ಗೆ ತಲುಪಲಿಲ್ಲ. ತಲುಪದ ವ್ಯವಹಾರ ಬ್ಯಾಚಿಗೆ ಸೇರಲ್ಲ. ಬ್ಯಾಚಿಗೆ ಸೇರದ್ದು ಅಂಗಡಿಗೆ ಯಾವತ್ತೂ ಬರಲ್ಲ. ‘ಬ್ಯಾಂಕಿನವ್ರು ನಾಳೆ ಹಾಕ್ತಾರ ಬಿಡು’ ಅಂತ ಬಹಳ ವ್ಯಾಪಾರಿಗಳು ಕಾಯ್ತಾ ಕೂರ್ತಾರೆ. ಆ ರೊಕ್ಕ ತಿರುಗಿ ಹೋಗೋದು ಗಿರಾಕಿಯ ಖಾತೆಗೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಇದಕ್ಕೆ ಗಡುವು ಹಾಕಿದೆ. ಅಂಗಡಿಯ ಮಷಿನ್‌ನಲ್ಲಿ ಖಾತೆಯಿಂದ ರೊಕ್ಕ ಹೋಗಿ ಸ್ಲಿಪ್ ಬರದಿದ್ದರೆ, ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ತಾನಾಗಿ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗಿರಾಕಿಗೆ. ಅಂಗಡಿಯವನಿಗೆ ಉಳಿಯೋದು ಕೊಟ್ಟ ಸಾಮಾನಿನ ಬಿಲ್ಲು ಮಾತ್ರ.

ಹಾಗಾಗಿ ಗಿರಾಕಿಯ ಮೊಬೈಲ್ ಮೆಸೇಜು ಅಂಗಡಿಗೆ ರಸೀದಿ ಅಲ್ಲ. ರಸೀದಿ ಅಂದರೆ ಅಪ್ರೂವಲ್ ಕೋಡ್ ಇರುವ ಸ್ಲಿಪ್. ನೆಟ್ ಹೋದಾಗ ಮಷಿನ್‌ನಲ್ಲಿ ಹಿಂದಿನ ರಸೀದಿಯನ್ನು ಮತ್ತೊಮ್ಮೆ ಮುದ್ರಿಸುವ ಆಯ್ಕೆ ಇರುತ್ತೆ, ಅದನ್ನು ಒತ್ತಿ ನೋಡಬೇಕು. ಈ ಗಿರಾಕಿಯ ಸ್ಲಿಪ್ ಬಂದರೆ ಆಗಿದೆ. ಅದಕ್ಕಿಂತ ಮುಂಚಿನವರದ್ದು ಬಂದರೆ ಆಗಿಲ್ಲ. ಒಂದು ನಿಮಿಷದ ಕೆಲಸ, ಆದರೆ ಬಿತ್ತನೆ ಕಾಲದಲ್ಲಿ ಮುಂದೆ ಹತ್ತು ಜನ ಗದ್ದಲ ಮಾಡ್ತಾ ನಿಂತಾಗ ಇಪ್ಪತ್ತು ವರ್ಷದ ಹುಡುಗನಿಗೆ ಅದು ಹೊಳೆಯೋದು ಕಷ್ಟ. ಹೊಳೆಯೋಕೆ ಯಾರೂ ಹೇಳಿಕೊಟ್ಟಿರಲೂ ಇಲ್ಲ.

ಬಿಲ್ಲಿನಲ್ಲಿ ರೈತರ ಹೆಸರು, ಊರು, ಫೋನ್ ನಂಬರ್ ಇತ್ತು. ಬೀಜ ಮೊಳೆಯದಿದ್ದರೆ ತಕರಾರಿಗೆ ಬೇಕಾಗುತ್ತೆ ಅಂತ ಮಾಮಾ ಅದನ್ನೆಲ್ಲ ಬರೆಸ್ತಾರೆ. ಫೋನ್ ಮಾಡಿದಾಗ ಆ ಯಜಮಾನರು ‘ಇನ್ನಾ ವಾಪಸ್ ಬಂದಿಲ್ರಿ, ಬಂದ್ರ ಹೇಳ್ತೀನಿ’ ಅಂದರು. ಮಂಗಳವಾರ ಅವರೇ ಫೋನ್ ಮಾಡಿದರು: ‘ಬಂತ್ರಿ 2,400. ಇತ್ತ ಕಡೆ ಬಂದಾಗ ಕೊಡ್ತೀನಿ.’ ಕೊಟ್ಟರೂ ಕೂಡ. ಎಲ್ಲರೂ ಹಾಗಿರ್ತಾರೆ ಅಂತ ನಾನು ಹೇಳಲ್ಲ. ಫೋನ್ ನಂಬರ್ ಬರೆದುಕೊಳ್ಳದ ಕಿರಾಣಿ ಅಂಗಡಿ ಆಗಿದ್ದರೆ ಆ ರೊಕ್ಕ ಹೋದಂಗೇ.

ಇನ್ನು ಬ್ಯಾಂಕಿನ ಕಡೆಯ 1,125 ರೂಪಾಯಿ 31 ಪೈಸೆ. ಇದರಲ್ಲಿ ನಿಗೂಢ ಏನಿಲ್ಲ, ಆದರೆ ಒಂದು ಸಲ ಕೈಯಾರೆ ಲೆಕ್ಕ ಹಾಕಿ ನೋಡಬೇಕು. ಕಾರ್ಡ್ ಸ್ವೀಕರಿಸಿದ್ದಕ್ಕೆ ಬ್ಯಾಂಕು ಹಿಡಿದುಕೊಳ್ಳುವ ಕಮಿಷನ್‌ಗೆ ಎಂಡಿಆರ್ ಅಂತಾರೆ. ಅದು ಎಲ್ಲ ಕಾರ್ಡಿಗೂ ಒಂದೇ ಅಲ್ಲ, ತಾಳೆ ನೋಡೋರು ಎಡವೋದು ಇಲ್ಲೇ. ಒಟ್ಟು ಮೊತ್ತಕ್ಕೆ ಒಂದು ಶೇಕಡಾ ಹಾಕಿ ನೋಡ್ತಾರೆ, ಸರಿ ಹೋಗಲ್ಲ.

ಆ ಬ್ಯಾಚಿನ 74,150ರಲ್ಲಿ 31,000 ರೂಪಾಯಿ ರೂಪೇ ಡೆಬಿಟ್ ಕಾರ್ಡಿನದು. 2020ರ ಜನವರಿ 1ರಿಂದ ರೂಪೇ ಡೆಬಿಟ್ ಕಾರ್ಡಿಗೆ ಎಂಡಿಆರ್ ಸೊನ್ನೆ. ಅಲ್ಲಿ ಏನಾದರೂ ಹಿಡಿದಿದ್ದರೆ ಬ್ಯಾಂಕಿಗೆ ಬರೆದು ಕೇಳಬಹುದು. ಉಳಿದ ಕಂಪನಿಗಳ ಡೆಬಿಟ್ ಕಾರ್ಡಿನದು 24,150. ವರ್ಷದ ವಹಿವಾಟು 20 ಲಕ್ಷ ದಾಟಿದ ಅಂಗಡಿಗೆ ಇದಕ್ಕೆ ಹೆಚ್ಚೆಂದರೆ ಶೇ 0.90, 20 ಲಕ್ಷದೊಳಗಿನ ಸಣ್ಣ ವ್ಯಾಪಾರಿಗೆ ಶೇ 0.40. ಇದು 2018ರ ಜನವರಿಯಿಂದ ರಿಸರ್ವ್ ಬ್ಯಾಂಕು ಹಾಕಿರುವ ಮಿತಿ. ಮಾಮನ ಅಂಗಡಿ ದೊಡ್ಡ ಗುಂಪಿನದು, 217 ರೂಪಾಯಿ 35 ಪೈಸೆ ಆಯ್ತು. ಕ್ರೆಡಿಟ್ ಕಾರ್ಡಿನದು 19,000. ಇದಕ್ಕೆ ಅಂಥ ಮಿತಿ ಇಲ್ಲ, ಮಷಿನ್ ತಗೊಳ್ಳುವಾಗ ಸಹಿ ಹಾಕಿದ ಕರಾರಿನಲ್ಲಿ ಏನಿದೆಯೋ ಅದು. ಮಾಮನದು ಶೇ 1.80, ಅಂದರೆ 342 ರೂಪಾಯಿ.

ಈ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ. ಆದರೆ ಒಂದು ವ್ಯವಹಾರ 2,000 ರೂಪಾಯಿಯೊಳಗೆ ಇದ್ದರೆ ಆ ಕಮಿಷನ್‌ಗೆ ಜಿಎಸ್‌ಟಿ ಇಲ್ಲ. ಡೆಬಿಟ್ ಕಾರ್ಡಿನ 24,150ರಲ್ಲಿ 4,150 ಅಂಥ ಸಣ್ಣ ಬಿಲ್ಲುಗಳು. ಅವನ್ನು ಬಿಟ್ಟು ಲೆಕ್ಕ ಹಾಕಿದರೆ ಜಿಎಸ್‌ಟಿ 93 ರೂಪಾಯಿ 96 ಪೈಸೆ. ಕಮಿಷನ್ ಮತ್ತು ಅದರ ತೆರಿಗೆ ಸೇರಿ 653 ರೂಪಾಯಿ 31 ಪೈಸೆ. ಬ್ಯಾಂಕು ಒಂದೊಂದು ವ್ಯವಹಾರಕ್ಕೂ ಬೇರೆ ಬೇರೆಯಾಗಿ ಪೈಸೆ ದುಂಡಾಗಿಸುತ್ತೆ, ಹಾಗಾಗಿ ನಿಮ್ಮ ಲೆಕ್ಕದಲ್ಲಿ ಎರಡು ಮೂರು ಪೈಸೆ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನೂ 472 ರೂಪಾಯಿ ಉಳೀತು. ಅದು ಮಷಿನ್ ಬಾಡಿಗೆ, ತಿಂಗಳಿಗೆ 400, ಮೇಲೆ ಜಿಎಸ್‌ಟಿ 72. ತಿಂಗಳಲ್ಲಿ ಒಂದು ದಿನದ ಜಮಾದಲ್ಲಿ ಸದ್ದಿಲ್ಲದೆ ಹಿಡಿದುಬಿಟ್ಟಿರುತ್ತಾರೆ. ಪಾಸ್‌ಬುಕ್‌ನಲ್ಲಿ ಬೇರೆ ಸಾಲು ಇರಲ್ಲ, ಸೆಟಲ್‌ಮೆಂಟ್ ವರದಿಯಲ್ಲಿ ಮಾತ್ರ ಕಾಣುತ್ತೆ. ‘ಪ್ರತಿ ತಿಂಗಳು ಒಂದಿನ ಲೆಕ್ಕ ಹತ್ತೋದಿಲ್ಲ ನೋಡು’ ಅಂತ ಮಾಮಾ ಹೇಳ್ತಿದ್ದದ್ದು ಇದೇ.

ರಾಣೆಬೆನ್ನೂರಿನ ಬಟ್ಟೆ ಅಂಗಡಿಯ ಕೇಳುಗರೊಬ್ಬರು ಹಿಂದೆ ಕೇಳಿದ್ದ ಪ್ರಶ್ನೆ ಇಲ್ಲಿ ನೆನಪಾಯ್ತು. ಅವರಿಗೆ ಒಂದು ದಿನ ಮಾರಾಟಕ್ಕಿಂತ 3,000 ಕಮ್ಮಿ ಬಂದಿತ್ತು, ಅವತ್ತಿನ ಸ್ಲಿಪ್ಪೆಲ್ಲ ಸರಿ ಇದ್ದವು. ವಿಷಯ ಏನಂದರೆ ಮೂರು ದಿನದ ಹಿಂದೆ ಮಾರಿದ ಸೀರೆ ವಾಪಸ್ ಬಂದಿತ್ತು, ಕಾರ್ಡಿಗೆ ರಿಫಂಡ್ ಹಾಕಿದ್ದರು. ಸೆಟಲ್‌ಮೆಂಟ್ ಆಗುವ ಮೊದಲು ರದ್ದು ಮಾಡಿದರೆ ಅದು ಆ ಬ್ಯಾಚಿನಿಂದಲೇ ಹೋಗುತ್ತೆ. ಸೆಟಲ್‌ಮೆಂಟ್ ಆದಮೇಲೆ ಮಾಡಿದ ರಿಫಂಡು ಮುಂದಿನ ಯಾವುದೋ ಬ್ಯಾಚಿನಲ್ಲಿ ಮೈನಸ್ ಆಗಿ ಬರುತ್ತೆ. ಬಟ್ಟೆ, ಚಪ್ಪಲಿ ಅಂಗಡಿಯವರು ಮೊದಲು ಅದನ್ನು ನೋಡಬೇಕು. ಹಾಗೇ ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಜಮಾ ಮಾಡದ ಬ್ಯಾಂಕಾದರೆ ಎರಡು ಮೂರು ಬ್ಯಾಚು ಒಟ್ಟಿಗೇ ಬೀಳ್ತವೆ. ಬ್ಯಾಚ್ ನಂಬರ್ ಬರೆದಿಟ್ಟುಕೊಂಡವರಿಗೆ ಮಾತ್ರ ಅದು ಬಿಡಿಸೋಕೆ ಬರುತ್ತೆ.

ಮಾಮನ ಪುಸ್ತಕದಲ್ಲಿ ಒಂದು ತಿದ್ದುಪಡಿ ಮಾಡಿಸಿದೆ. ಇಷ್ಟು ದಿನ ಬ್ಯಾಂಕಿಗೆ ಬಂದ 73,024ನ್ನೇ ಮಾರಾಟ ಅಂತ ಬರೀತಿದ್ದರು. ಮಾರಾಟ ಅಂದರೆ ಬಿಲ್ಲಿನ ಪೂರ್ತಿ ಮೊತ್ತ, ಜಿಎಸ್‌ಟಿ ಲೆಕ್ಕಕ್ಕೂ ಅದೇ ಬೇಕು. ಕಮಿಷನ್ ಬೇರೆ ಖರ್ಚು. ಈಗ ‘ಕಾರ್ಡ್ ಬಾಕಿ’ ಅಂತ ಒಂದು ಖಾತೆ ತೆರೆದಿದ್ದೀವಿ. ಕಾರ್ಡಿನಲ್ಲಿ ಮಾರಿದ್ದೆಲ್ಲ ಅದಕ್ಕೆ ಖರ್ಚು ಬೀಳುತ್ತೆ, ಬ್ಯಾಂಕಿಗೆ ಬಂದದ್ದು ಮತ್ತು ಕಮಿಷನ್ ಎರಡೂ ಅದಕ್ಕೆ ಜಮಾ. ಯಾವ ದಿನ ನೋಡಿದರೂ ಆ ಖಾತೆಯಲ್ಲಿ ಉಳಿದಿರೋದು ಇನ್ನೂ ಬ್ಯಾಂಕಿಗೆ ಬರಬೇಕಾದ ಒಂದೆರಡು ದಿನದ ಸ್ವೈಪ್ ಮಾತ್ರ ಆಗಿರಬೇಕು. ವಾರದ ಹಿಂದಿನ ಮೊತ್ತ ಅಲ್ಲೇ ಕೂತಿದ್ದರೆ ಅದು 2,400ರ ಥರದ್ದು.

ಶನಿವಾರ ಸಂಜೆ ಮಾಮಾ ಹುಡುಗನಿಗೆ ಏನೂ ಹೇಳಲಿಲ್ಲ. ತಪ್ಪಾಯ್ತು ಅಂತನೂ ಅನ್ನಲಿಲ್ಲ, ಅವರ ಸ್ವಭಾವ ಅದಲ್ಲ. ಚಹಾ ತರಿಸಿದರು, ಮೊದಲ ಕಪ್ಪು ಅವನ ಕೈಗೆ ಕೊಟ್ಟರು. ಈಗ ಸೆಟಲ್‌ಮೆಂಟ್ ತಾನಾಗಿ ಆಗೋದನ್ನು ಬ್ಯಾಂಕಿಗೆ ಹೇಳಿ ನಿಲ್ಲಿಸಿದ್ದಾರೆ. ಬಾಗಿಲು ಹಾಕುವ ಮುಂಚೆ ಹುಡುಗನೇ ಒತ್ತುತ್ತಾನೆ, ಚೀಟಿಯನ್ನು ದಿನದ ಬಿಲ್ಲುಗಳ ಜೊತೆ ಪಿನ್ ಹಾಕಿ ಇಡ್ತಾನೆ. ಒಂದು ರಾತ್ರಿ ಒತ್ತೋದು ಮರೆತಿದ್ದ, ಮರುದಿನ ಜಮಾ ಸೊನ್ನೆ. ಮಾಮಾ ನನಗೆ ಫೋನ್ ಮಾಡಿದರು. ಮಾತು ಮುಗಿಯೋ ಮೊದಲೇ ಆ ಕಡೆಯಿಂದ ಹುಡುಗನ ದನಿ ಕೇಳಿಸ್ತು: ‘ನಿನ್ನಿ ಬ್ಯಾಚ್ ಇನ್ನಾ ಮಷಿನ್‌ನ್ಯಾಗ ಐತ್ರೀ ಸಾಹುಕಾರ, ನಾಳಿ ಎರಡೂ ಕೂಡಿ ಬರ್ತಾವು.’